ಹತ್ತದ ಗುಡ್ಡದ ಬರಹ

ರಾಯಚೂರಿನ ತೀನ್ ಕಂದೀಲ್ ಸರ್ಕಲ್ ಹತ್ತಿರದ ಯಾವ ಪ್ರೆಸ್ಸಿಗಾದರೂ ಹೋಗಿ, ಕನ್ನಡದಲ್ಲಿ ಒಂದು ಕರಪತ್ರ ತಪ್ಪಿಲ್ಲದೆ ಅಚ್ಚಾಗಬೇಕು ಅಂತ ಕೇಳಿ ನೋಡಿ. ಅವರು ಮೊದಲು ಯಶೋಧಾ ಮೇಡಂ ಮನೆಯ ದಾರಿ ಹೇಳುತ್ತಾರೆ. ಮದುವೆ ಕಾರ್ಡು, ಕಾಲೇಜಿನ ವಾರ್ಷಿಕ ಸಂಚಿಕೆ, ಪಿಎಚ್‌ಡಿ ಪ್ರಬಂಧ, ಚುನಾವಣೆ ಬಂದರೆ ಎದುರುಬದುರು ಪಕ್ಷಗಳ ಭರವಸೆಗಳು, ಎಲ್ಲವೂ ಆಕೆಯ ಕೈಯಲ್ಲಿ ಹಾದೇ ಅಚ್ಚಿಗೆ ಹೋಗುವುದು. ಮೊದಲು ಒಂದು ಸ್ಥಳೀಯ ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದಳು. ಪತ್ರಿಕೆ ಮುಚ್ಚಿತು, ತಿದ್ದುವ ಕೈ ಸುಮ್ಮನಿರಲಿಲ್ಲ. ಗಂಡ ಹಂಪಯ್ಯ ಶಕ್ತಿನಗರದ ವಿದ್ಯುತ್ ಸ್ಥಾವರದ ಪಾಳಿ ಕೆಲಸಕ್ಕೆ ಹೋದ ಮೇಲೆ ಪಡಸಾಲೆಯ ಮೇಜಿನ ಮುಂದೆ ಕೂತಳೆಂದರೆ ಸಂಜೆಯವರೆಗೆ ಏಳುವವಳಲ್ಲ. ಹಾಲಿನ ಪಾಕೀಟಿನ ಮೇಲಿನ ಅಕ್ಷರ ತಪ್ಪಿದ್ದರೂ ಆಕೆಗೆ ಚಹಾ ರುಚಿಸುವುದಿಲ್ಲ ಅಂತ ಗಂಡ ನಗುತ್ತಿದ್ದ.

ಆಕೆ ತಿದ್ದುವ ರೀತಿಯೇ ಬೇರೆ. ಮೊದಲ ಓದಿಗೆ ಬರೀ ಕಾಗುಣಿತ: ಒತ್ತಕ್ಷರ, ಮಹಾಪ್ರಾಣ, ದೀರ್ಘ. ಎರಡನೆಯ ಓದಿಗೆ ಕ್ರಿಯಾಪದಗಳ ಮೇಲಷ್ಟೇ ಬೆರಳು. ನಿನ್ನೆ ನಡೆದದ್ದು ನಿನ್ನೆಯೇ ಇರಬೇಕು, ಮಧ್ಯದಲ್ಲಿ ಇವತ್ತಿಗೆ ಬಂದು ಕೂಡಬಾರದು. ಮೂರನೆಯ ಓದಿಗೆ ಮತ್ತೆ ಮತ್ತೆ ಬಂದ ಪದಗಳಿಗೆ ಸುತ್ತು ಹಾಕಿ, ಒಂದರಿಂದ ಒಂದಕ್ಕೆ ಗೆರೆ ಎಳೆಯುತ್ತಾಳೆ. ಅಲ್ಲಿಗೆ ನಿಂತರೆ ಆಕೆ ತಿದ್ದುವವಳು. ಆದರೆ ಆಕೆ ಅಲ್ಲಿಗೆ ನಿಲ್ಲುತ್ತಿರಲಿಲ್ಲ. ಸಪ್ಪೆ ವಾಕ್ಯ ಕಂಡರೆ ಅದನ್ನು ಹೊಡೆದು, ತನ್ನದೊಂದು ವಾಕ್ಯ ಕೂಡಿಸಿಬಿಡುತ್ತಿದ್ದಳು. ಕೊಟ್ಟವರು ಅದು ತಮ್ಮದೇ ಅಂತ ಸಂತೋಷದಿಂದ ಒಯ್ಯುತ್ತಿದ್ದರು, ಯಾರೂ ಜಗಳಕ್ಕೆ ಬಂದದ್ದಿಲ್ಲ.

ಈ ಹಟಕ್ಕೆ ಒಂದು ಹಿನ್ನೆಲೆಯಿದೆ. ಯಶೋಧಾ ದೇವದುರ್ಗದ ಕೂಲಿ ಮನೆಯ ಹುಡುಗಿ. ಅವ್ವ ಕಳೆ ತೆಗೆಯಲು ಹೋಗುತ್ತಿದ್ದಳು. ಅಣ್ಣ ರಾಮಣ್ಣ ಶಾಲೆ ಬಿಟ್ಟು ಗುಳೆ ಹೋದ, ಪುಣೆಯಲ್ಲಿ ಕಲ್ಲು ಹೊತ್ತ, ತಂಗಿಯನ್ನು ಓದಿಸಿದ. ರಾಯಚೂರಿನ ಕಾಲೇಜಿಗೆ ಬಂದ ಮೊದಲ ವಾರ ಆಕೆ ಎದ್ದು ನಿಂತು ಪಾಠ ಓದಿದಾಗ, ಆಕೆಯ ‘ಮ್ಯಾಗ’, ‘ಹಂಗ’ ಕೇಳಿ ಇಡೀ ಕ್ಲಾಸು ನಕ್ಕಿತ್ತು. ಅವತ್ತು ಮುಖ ಕೆಂಪಗಾದ ಹುಡುಗಿ ಮುಂದೆ ಯಾರೂ ನಗಬಾರದಂಥ ಕನ್ನಡ ಕಲಿತಳು. ಊರಿಗೆ ಹೋದಾಗ ಊರ ಮಾತು, ಹಾಳೆಯ ಮೇಲೆ ಗ್ರಂಥದ ಮಾತು. ಹಾಳೆಯ ಮೇಲೆ ಯಾರದೇ ಊರ ಮಾತು ಕಂಡರೂ ಕೆಂಪು ಪೆನ್ನು ತಾನಾಗಿ ಏಳುತ್ತಿತ್ತು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಅಣ್ಣನ ಮಗಳು ಅನ್ನಪೂರ್ಣ ಒಂದು ಪ್ಯಾರಾ ಬರೆದು ವಾಟ್ಸಾಪಿನಲ್ಲಿ ಕಳಿಸಿದಳು. ಬಿಎ ಮುಗಿಸಿ ದೇವದುರ್ಗದಲ್ಲಿ ಕೂತಿದ್ದ ಹುಡುಗಿ. ರಾಯಚೂರಿನ ಶಂಶುದ್ದೀನ್ ಅವರ ಟೂರ್ಸ್ ಕಂಪನಿಗೆ ಕನ್ನಡದಲ್ಲಿ ಬ್ಲಾಗ್ ಬರೆಯುವವರು ಬೇಕಾಗಿದ್ದರು. ಅರ್ಜಿ ಹಾಕಿದವರನ್ನೆಲ್ಲ ಅವರು ತಮ್ಮ ಖರ್ಚಿನಲ್ಲೇ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗೆ ಕರೆದುಕೊಂಡು ಹೋಗಿ ಬಂದು, ಪ್ರತಿಯೊಬ್ಬರೂ ಒಂದೊಂದು ಪ್ಯಾರಾ ಬರೆದುಕೊಡಿ ಅಂದಿದ್ದರು. ಅನ್ನಪೂರ್ಣ ಬರೆದದ್ದು ಹೀಗಿತ್ತು:

“ನಾವು ಬೆಳಿಗ್ಗೆ ಮುಳ್ಳಯ್ಯನಗಿರಿಗೆ ಹೋದೆವು. ಅಲ್ಲಿ ತುಂಬಾ ಸುಂದರವಾದ ಪ್ರಕ್ರುತಿ ಇದೆ. ತುಂಬಾ ಸುಂದರವಾದ ಮಂಜು ಬರುತ್ತದೆ. ನಾವು ಮೆಟ್ಟಿಲು ಹತ್ತುತ್ತೇವೆ. ಮೇಲೆ ತುಂಬಾ ಸುಂದರವಾದ ದೇವಸ್ತಾನ ಇತ್ತು. ತುಂಬಾ ಖುಷಿ ಆಯಿತು.”

“ಅತ್ತಿ, ಸ್ವಲ್ಪ ನೋಡಿ ಕೊಡ. ನಂಗ ಬರೀಲಿಕ್ಕೆ ಏನೂ ತೋಚವಲ್ದು, ಗುಡ್ಡಕ್ಕ ಹೋದಾಗಿಂದ ಕೆಮ್ಮು ಬ್ಯಾರೆ ಹತ್ಯಾದ” ಅಂತ ಫೋನಿನಲ್ಲಿ ಹೇಳಿದಳು. ಹೇಳುವಾಗಲೇ ಎರಡು ಸಲ ಕೆಮ್ಮಿದಳು.

ಯಶೋಧಾ ‘ಪ್ರಕೃತಿ’ ತಿದ್ದಿದಳು, ‘ದೇವಸ್ಥಾನ’ ತಿದ್ದಿದಳು. ಹೋದೆವು, ಬರುತ್ತದೆ, ಹತ್ತುತ್ತೇವೆ, ಇತ್ತು ಅಂತ ಹಿಂದೆ ಮುಂದೆ ಓಡಾಡುತ್ತಿದ್ದ ಕಾಲವನ್ನು ಒಂದೇ ಕಡೆ ಕೂಡಿಸಿದಳು. ಮೂರು ‘ತುಂಬಾ ಸುಂದರವಾದ’ಗಳಿಗೆ ಸುತ್ತು ಹಾಕಿದಳು. ಸುತ್ತು ಹಾಕಿ ನೋಡಿದರೆ ಒಳಗೆ ಏನೂ ಉಳಿದಿರಲಿಲ್ಲ. ಆಗ ಕೈ ತನ್ನ ಚಾಳಿಗೆ ಇಳಿಯಿತು:

“ನಸುಕಿನಲ್ಲೇ ಮುಳ್ಳಯ್ಯನಗಿರಿಯ ಬುಡ ಸೇರಿದೆವು. ಕಣ್ಣು ಹಾಯಿಸಿದಷ್ಟು ದೂರ ಹಸಿರು ಹಬ್ಬಿತ್ತು. ನೋಡನೋಡುತ್ತಿದ್ದಂತೆ ಮಂಜು ಇಳಿದು ದಾರಿಯನ್ನೇ ಮರೆಮಾಡಿತು. ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂದಾಗ ಗುಡಿಯೊಂದು ಮಂಜಿನೊಳಗಿಂದ ಮೂಡಿಬಂದಿತು. ಆ ಗಳಿಗೆಯ ಆನಂದವನ್ನು ಹೇಳಲು ಮಾತು ಸಾಲದು.”

ಅನ್ನಪೂರ್ಣ ಕೈಮುಗಿಯುವ ಚಿತ್ರ ಕಳಿಸಿದಳು. ಅಲ್ಲಿಗೆ ಮುಗಿದಿದ್ದರೆ ಈ ಕಥೆ ಹೇಳುವ ಕೆಲಸವೇ ಇರಲಿಲ್ಲ.

ಎರಡು ದಿನ ಬಿಟ್ಟು ಶಂಶುದ್ದೀನ್ ಅವರೇ ಮನೆಗೆ ಬಂದರು. ಅವರ ಟೂರಿನ ಕರಪತ್ರಗಳನ್ನು ಯಶೋಧಾಳೇ ತಿದ್ದುತ್ತಿದ್ದಳು, ಹಳೆಯ ಪರಿಚಯ. ಕೈಯಲ್ಲಿ ಟೈಪು ಮಾಡಿಸಿದ ಕೆಲವು ಹಾಳೆಗಳಿದ್ದವು. ಹೆಸರಿನ ಜಾಗದಲ್ಲಿ ಒಂದೊಂದು ನಂಬರು.

“ಹೆಸರು ತೆಗಸೀನ್ರಿ ಮೇಡಂ. ಹೆಸರು ಕಂಡ್ರ ಮನಸ್ಸು ಆ ಕಡಿ ಈ ಕಡಿ ಆಗ್ತದ. ನಂದು ಕನ್ನಡ ಬರೀ ಮಾತಾಡೋ ಕನ್ನಡ. ಯಾರದು ಚಲೋ ಅದ ನೀವ ಹೇಳ್ರಿ, ಅವರಿಗೇ ಕೆಲಸ ಕೊಡತೀನಿ” ಅಂದರು. ಒಳ್ಳೆಯ ಮನುಷ್ಯ. ನ್ಯಾಯ ಆಗಲಿ ಅಂತ ಇಷ್ಟು ಶ್ರಮ ತಗೊಂಡು, ನ್ಯಾಯ ಹೇಳುವವಳ ಬಗ್ಗೆ ಮಾತ್ರ ಏನೂ ವಿಚಾರಿಸಿರಲಿಲ್ಲ. ಅನ್ನಪೂರ್ಣ ಈಕೆಯ ಸೊಸೆ ವರಸೆಯವಳು ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

ಅವರು ಹೋದ ಮೇಲೆ ಯಶೋಧಾ ಹಾಳೆ ತಿರುವಿದಳು. ಒಂದರಲ್ಲಿ ‘ನಸುಕಿನಲ್ಲೇ’ ಅನ್ನುವುದು ಕಂಡ ಕೂಡಲೇ ಅದು ತನ್ನದೇ ವಾಕ್ಯ ಅಂತ ಗೊತ್ತಾಯಿತು. ಆಗಲೇ ಫೋನೆತ್ತಿ, ಇದರಲ್ಲಿ ನನ್ನ ಕೈಯಿದೆ, ನನಗೆ ಬೇಡ ಈ ಕೆಲಸ ಅಂದಿದ್ದರೆ ಆಗಿಹೋಗುತ್ತಿತ್ತು. ಫೋನು ಪಕ್ಕದಲ್ಲೇ ಇತ್ತು. ಎಲ್ಲವನ್ನೂ ಒಮ್ಮೆ ಓದೋಣ, ಆಮೇಲೆ ಹೇಳಿದರಾಯಿತು ಅಂದುಕೊಂಡಳು.

ಉಳಿದವುಗಳಲ್ಲಿ ಒಂದು ಹಾಳೆ ಆಕೆಯನ್ನು ಹಿಡಿದು ನಿಲ್ಲಿಸಿತು:

“ನಾವು ಬಸ್ಸಿನಿಂದ ಇಳಿಯುತ್ತೇವೆ. ಗಾಳಿ ಬೀಸಿತು. ನಮ್ಮ ಊರಿನ ಗಾಳಿ ಮುಖಕ್ಕೆ ಬಿಸಿ ಬೂದಿ ಎರಚಿದಂಗೆ ಇರುತ್ತದೆ. ಈ ಗಾಳಿ ಒದ್ದೆ ಅರಿವೆ ಒತ್ತಿದಂಗೆ ಇತ್ತು. ಗಾಳಿಗೆ ಓಢಣಿ ನಿಲ್ಲವಲ್ಲದು. ಮಂಜು ಬಂದು ಮುಂದಿನ ಹುಡುಗಿ ಕಾಣುವದಿಲ್ಲ. ಆಕೆ ಕೆಮ್ಮುವ ಸಪ್ಪಳ ಕೇಳಿಸಿತು. ಆ ಕೆಮ್ಮು ಹಿಡಿದು ಮೆಟ್ಟಲು ಹತ್ತಿದೆನು. ಮ್ಯಾಲೆ ಹೋದರೆ ಏನೂ ಕಾಣಲ್ಲ. ಇಷ್ಟು ದೂರ ಬಂದು ಏನೂ ಕಾಣದೆ ಹೋದರು ನಗು ಬಂತು, ಸಂತೊಷ ಆಯಿತು.”

ಓದಿ ಯಶೋಧಾಳಿಗೂ ನಗು ಬಂತು. ಕೆಮ್ಮಿದವಳು ಯಾರು ಅನ್ನುವುದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಅನ್ನಪೂರ್ಣಳ ಪ್ಯಾರಾದಲ್ಲಿ ಇಲ್ಲದ ಅನ್ನಪೂರ್ಣ ಈ ಹಾಳೆಯಲ್ಲಿದ್ದಳು. ಈ ಹುಡುಗಿ ಗುಡ್ಡ ಹತ್ತಿ ಬಂದಿದ್ದಾಳೆ, ಓದಿದವರನ್ನೂ ಹತ್ತಿಸುತ್ತಾಳೆ ಅನ್ನುವುದು ಆಕೆಗೆ ಆ ಗಳಿಗೆಯಲ್ಲೇ ತಿಳಿದಿತ್ತು. ತಿಳಿಯಲಿಲ್ಲ ಅಂತ ಹೇಳಿಕೊಳ್ಳುವ ಹಾಗಿಲ್ಲ.

ಆದರೂ ಕೆಂಪು ಪೆನ್ನು ಎದ್ದಿತು. ‘ಎರಚಿದಂಗೆ’, ಊರ ಮಾತು. ‘ಮ್ಯಾಲೆ’, ಊರ ಮಾತು. ಕಾಲ ಕಲಸಿದೆ. ದೀರ್ಘ ಬಿಟ್ಟಿದೆ. ಗಾಳಿ ನಾಲ್ಕು ಸಲ ಬೀಸಿದೆ. ಗುರುತು ಹಾಕುತ್ತ ಹೋದಂತೆ ಹಾಳೆ ಕೆಂಪಗಾಯಿತು, ಯಶೋಧಾಳ ಮನಸ್ಸು ಹಗುರಾಯಿತು. ಇಷ್ಟು ತಪ್ಪಿರುವುದನ್ನು ಮೊದಲು ಅನ್ನುವುದು ಹೇಗೆ? ಇದೇ ತಪ್ಪುಗಳನ್ನು ಇನ್ನೊಂದು ಹಾಳೆಯಿಂದ ತಾನೇ ಆರಿಸಿ ತೆಗೆದದ್ದು ಆಕೆಗೆ ನೆನಪಿತ್ತು. ಅಣ್ಣ ಕಲ್ಲು ಹೊತ್ತದ್ದೂ ನೆನಪಿತ್ತು. ಎರಡನ್ನೂ ತಕ್ಕಡಿಯಲ್ಲಿಟ್ಟು ನೋಡಿದವಳಂತೆ ಸ್ವಲ್ಪ ಹೊತ್ತು ಕೂತು, ಶಂಶುದ್ದೀನ್ ಅವರಿಗೆ ಫೋನು ಮಾಡಿದಳು. ‘ನಸುಕಿನಲ್ಲೇ’ ಅಂತ ಶುರುವಾಗುವುದು ಮೊದಲು. ಗಾಳಿಯ ಹಾಳೆಯ ಬಗ್ಗೆ ಅವರೇ ಕೇಳಿದರು, ಅದೂ ಚಲೋ ಅನಿಸಿತ್ತಲ್ರಿ ಮೇಡಂ ಅಂತ. “ಮಾತು ಚಲೋ ಅದರಿ, ಭಾಷಾ ಶುದ್ಧ ಇಲ್ಲ” ಅಂದಳು.

ಅನ್ನಪೂರ್ಣ ಕೆಲಸಕ್ಕೆ ಸೇರಿದಳು. ರಾಮಣ್ಣ ದೇವದುರ್ಗದಿಂದ ಪೇಡೆ ತಂದುಕೊಟ್ಟ. ಯಶೋಧಾ ಒಂದು ತುಂಡು ಬಾಯಿಗೆ ಹಾಕಿಕೊಂಡು, ಹಲ್ಲು ನೋವು ಅಂದು ಉಳಿದದ್ದನ್ನು ಪಕ್ಕದ ಮನೆಗೆ ಕೊಟ್ಟಳು.

ಶಿಕ್ಷೆ ತಿಂಗಳು ತಿಂಗಳು ಬಂತು. ಊಟಿಗೆ ಹೋದ ಬಸ್ಸು ಬರುವುದರೊಳಗೆ ಅನ್ನಪೂರ್ಣಳ ‘ತುಂಬಾ ಸುಂದರವಾದ’ ಊಟಿ ಯಶೋಧಾಳ ಫೋನಿಗೆ ಬರುತ್ತಿತ್ತು. ಕೊಡೈಕನಾಲ್ ಬಂತು, ನಂದಿ ಬೆಟ್ಟ ಬಂತು. ಯಶೋಧಾ ಕಾಣದ ಮಂಜನ್ನೆಲ್ಲ ಮೇಜಿನ ಮುಂದೆ ಕೂತು ಇಳಿಸಿದಳು. ಹೊರಗೆ ರಾಯಚೂರಿನ ಬಿಸಿಲು ಕಿಟಕಿಯ ಸರಳು ಮುಟ್ಟಲು ಬಿಡುತ್ತಿರಲಿಲ್ಲ. ಒಂದು ಸಂಜೆ ಅನ್ನಪೂರ್ಣ ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಂದಳು: “ಅತ್ತಿ, ಆಫೀಸಿನಾಗ ಎಲ್ಲಾರೂ ಭಾಳ ಚಲೋ ಬರೀತಿ ಅಂತಾರ. ಅಂದಾಗೆಲ್ಲಾ ನಾ ಎದ್ದು ಹೊರಗ ಹೋಗತೀನಿ. ಬುಕಿಂಗ್ ಕೌಂಟರಿನ್ಯಾಗ ಕುಂದರು ಅಂದ್ರ ಆರಾಮ ಕುಂದರತೀನಿ. ಇದು ನನ್ನ ಕೆಲಸಲ್ಲ.” ಯಶೋಧಾ ರೊಟ್ಟಿ ತಿರುವಿ ಹಾಕಿ, “ಕಲಿತಿ ಬಿಡು” ಅಂದಳು. ಕಲಿಯಲು ಜಾಗ ಬಿಡದೆ ಎಲ್ಲ ವಾಕ್ಯಗಳನ್ನೂ ತಾನೇ ಬರೆಯುತ್ತಿದ್ದವಳು ಹೇಳಿದ ಮಾತಿದು.

ಯುಗಾದಿ ಕಳೆದು ಒಂದು ವಾರವಾಗಿರಬೇಕು, ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಹೆಗಲಿಗೆ ಚೀಲ, ಮುಖದ ಮೇಲೆ ಬಸ್ಸಿನ ಧೂಳು, ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ.

“ಪ್ರೆಸ್ಸಿನವ್ರು ನಿಮ್ಮ ಹೆಸರು ಹೇಳಿದ್ರಿ. ನಾನು ಸಂಘಮಿತ್ರಾ ಅಂತರಿ, ಮಾನ್ವಿ ಕಡಿ ಮಲ್ಲಟದಾಕಿ. ಒಂದು ಪ್ಯಾರಾ ತಿದ್ದಿಸಬೇಕಾಗಿತ್ತು.”

“ಬಾರವ್ವ, ಕೂಡು. ನೀರು ಕುಡಿ ಮೊದಲ” ಅಂದಳು ಯಶೋಧಾ.

ನೀರು ಕುಡಿದು ಹುಡುಗಿ ಚೀಲದಿಂದ ಹಾಳೆ ತೆಗೆದು ಮುಂದಿಟ್ಟಳು. “ನಾವು ಬಸ್ಸಿನಿಂದ ಇಳಿಯುತ್ತೇವೆ. ಗಾಳಿ ಬೀಸಿತು.” ಯಶೋಧಾಳಿಗೆ ಅಕ್ಷರಗಳು ಕಣ್ಣ ಮುಂದೆ ನಿಲ್ಲಲಿಲ್ಲ. ಚಾಳೀಸು ತೆಗೆದು ಸೆರಗಿನಿಂದ ಒರೆಸಿದಳು, ಮತ್ತೆ ಹಾಕಿಕೊಂಡಳು.

“ಇದು ಎದಕ್ಕ ಬೇಕಾಗಿತ್ತವ್ವ?” ಅಂತ ಕೇಳಿದಳು, ಗೊತ್ತಿದ್ದೂ.

“ಈಗ ಎದಕ್ಕೂ ಇಲ್ರಿ. ಒಂದು ಕೆಲಸಕ್ಕ ಬರದಿದ್ದೆ, ಆಗಲಿಲ್ಲ. ನಮ್ಮ ಮನ್ಯಾಗ ಅಣ್ಣ ಮಾಸ್ತರ, ಅಕ್ಕ ನರ್ಸು. ನಾ ಒಬ್ಬಾಕಿ ಬರೀತೀನಿ ಬರೀತೀನಿ ಅಂತ ಕುಂತೀನ್ರಿ. ಮುಂದಿನ ವಾರದಿಂದ ಮಾನ್ವಿಯೊಳಗ ಮೊಬೈಲ್ ಅಂಗಡಿಗೆ ಬಾ ಅಂದಾರ. ಹೋಗೋಕಿಂತ ಮೊದಲ ಒಂದು ತಿಳಕೋಬೇಕಂತ ಬಂದೀನಿ. ನಂಗ ಬರಂಗಿಲ್ಲ ಅಂದ್ರ ಬರಂಗಿಲ್ಲ ಅಂತ ಹೇಳಿಬಿಡ್ರಿ, ಬಿಟ್ಟುಬಿಡತೀನಿ. ಸುಳ್ಳು ಆಸೆ ಹಿಡಕೊಂಡು ಕೂಡೂದು ಬ್ಯಾಡ.”

ಯಶೋಧಾ ಪೆನ್ನು ಹಿಡಿದಳು. ಆಕೆಯ ಬದುಕಿನಲ್ಲಿ ಇಷ್ಟು ಹುಷಾರಾಗಿ ತಿದ್ದಿದ್ದು ಇದೇ ಮೊದಲು.

“ಕಾಗುಣಿತ ಮೊದಲ ನೋಡು. ‘ಹೋದರೂ’ ಅಂತ ದೀರ್ಘ ಬೇಕು, ‘ಸಂತೋಷ’ಕ್ಕೂ ಬೇಕು. ‘ಮೆಟ್ಟಿಲು’. ಇನ್ನ, ನೀನು ಹೋಗಿ ಬಂದೀದಿ, ಮುಗದದ. ಅದಕ್ಕ ‘ಇಳಿದೆವು’, ‘ಕಾಣಲಿಲ್ಲ’. ಆದ್ರ ಇದೊಂದು ‘ಇರುತ್ತದೆ’ ಹಂಗ ಇರಲಿ. ನಿಮ್ಮೂರಿನ ಗಾಳಿ ಇವತ್ತೂ ಹಂಗ ಬೀಸತದಲ್ಲ.” ಆಮೇಲೆ ನಾಲ್ಕು ಗಾಳಿಗಳಿಗೆ ಸುತ್ತು ಹಾಕಿದಳು. ಎರಡನ್ನು ಉಳಿಸಿದಳು. ‘ಈ ಗಾಳಿ’ ಇದ್ದಲ್ಲಿ ‘ಇದು’ ಬಂತು, ‘ಗಾಳಿಗೆ’ ಹೊಡೆದುಹೋಯಿತು, ‘ಓಢಣಿ ನಿಲ್ಲಲಿಲ್ಲ’ ಅಂತ ಉಳಿಯಿತು. ‘ಎರಚಿದಂಗೆ’ ಅನ್ನುವಲ್ಲಿ ಪೆನ್ನು ತಡೆದು ನಿಂತಿತು. ಅದನ್ನು ಮುಟ್ಟಲಿಲ್ಲ.

“ಮುಗೀತವ್ವ” ಅಂದಳು.

ಹುಡುಗಿ ಹಾಳೆಯನ್ನು ಹತ್ತಿರ ಎಳೆದುಕೊಂಡು ಓದಿದಳು. “ಇಷ್ಟೇನ್ರಿ?” ಅಂದಳು. “ಆ ನೋಡಿದವ್ರು, ಮಾತು ಚಲೋ ಅದ, ಭಾಷಾ ಶುದ್ಧ ಇಲ್ಲ ಅಂದಿದ್ರಂತರಿ. ಅದನ್ನ ಕೇಳಿ ನಾನು ಪೂರಾ ಹೊಲಸು ಬರದೀನಿ ಅಂತ ತಿಳಕೊಂಡಿದ್ದೆ. ಮೊದಲ ನಿಮ್ಮ ಹತ್ರ ಬಂದಿದ್ರ ಆಗತಿತ್ತು ನೋಡ್ರಿ.”

ತನ್ನ ಮಾತು ಈ ಹುಡುಗಿಯ ಬಾಯಲ್ಲಿ ಇಷ್ಟು ತಿಂಗಳು ಉಳಿದಿತ್ತು. ಯಶೋಧಾಳಿಗೆ ನಾಚಿಕೆಯಾಯಿತು. ಚಹಾ ಮಾಡುವ ನೆವದಿಂದ ಒಳಗೆ ಎದ್ದು ಹೋಗಬಹುದಿತ್ತು, ಹೋದರೆ ಮತ್ತೆ ಹೇಳಲು ಆಗುವುದಿಲ್ಲ ಅನ್ನುವ ಭಯಕ್ಕೆ ಕೂತಲ್ಲೇ ಕೂತಳು.

“ನನ್ನ ಹತ್ರಾನ ಬಂದಿತ್ತವ್ವ ಅದು. ಹಂಗಂದಾಕಿ ನಾನ.”

ಸಂಘಮಿತ್ರಾ ಹಾಳೆಯ ಮೇಲಿನ ಕೈ ಹಿಂದಕ್ಕೆ ತೆಗೆದುಕೊಂಡಳು.

“ನಿಂದು ಚಲೋ ಅದ ಅಂತ ಅವತ್ತೂ ಗೊತ್ತಿತ್ತು. ಆದ್ರ ಮೊದಲ ಅಂತ ಹೇಳಿದ್ದು ನಮ್ಮಣ್ಣನ ಮಗಳದು. ಅದನ್ನ ತಿದ್ದಿದಾಕಿ ನಾನ. ತಿದ್ದಿದಾಕಿ ಏನು, ಬರದಾಕೀನ ನಾನು. ನಂದಕ್ಕ ನಾನ ಮೊದಲ ನಂಬರ ಕೊಟ್ಟೆ.”

ಬೈದಿದ್ದರೆ ಯಶೋಧಾಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಹುಡುಗಿ ಬೈಯಲಿಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದಳು:

“ನೀವು ಆ ಗುಡ್ಡಕ್ಕ ಹೋಗಿದ್ರೇನ್ರಿ?”

“ಇಲ್ಲವ್ವ.”

“ಯಾವಾಗೂ?”

“ಯಾವ ಗುಡ್ಡಕ್ಕೂ ಹೋಗಿಲ್ಲ.”

ಯಶೋಧಾ ಹುಡುಗಿಯ ಎದುರಿಗೇ ಶಂಶುದ್ದೀನ್ ಅವರಿಗೆ ಫೋನು ಮಾಡಿದಳು, ಸ್ಪೀಕರ್ ಹಾಕಿದಳು, ಇದ್ದದ್ದನ್ನು ಇದ್ದಂತೆ ಹೇಳಿದಳು.

“ನಾ ನಿಮ್ಮನ್ನ ನಂಬಿದ್ದೆ ಮೇಡಂ” ಅಂದರು ಅವರು. “ಈಗ ಸೀಸನ್ ನಡದದ, ಬಸ್ಸು ತುಂಬ್ಯಾವ, ಈಗ ಯಾರನ್ನೂ ತಗಿಯಾಕ, ಹಾಕಾಕ ಆಗಂಗಿಲ್ರಿ. ಮಳಿಗಾಲ ಆಗಲಿ, ನೋಡತೀನಿ. ಆ ಹುಡುಗಿ ಪ್ಯಾರಾ ಕಳಸ್ರಿ, ನಮ್ಮ ಬ್ಲಾಗ್ ಪೇಜಿನ ಮ್ಯಾಲ ಹಾಕಸತೀನಿ. ಅಷ್ಟು ನನ್ನ ಕೈಯಾಗ ಅದ.”

“ಅಣ್ಣಾರ, ನಾ ಇಲ್ಲೇ ಇದೀನ್ರಿ” ಅಂದಳು ಸಂಘಮಿತ್ರಾ, ಫೋನಿನ ಕಡೆ ಬಾಗಿ. “ಹಾಕ್ರಿ. ಕೆಳಗ ಬರದವ್ರು ಯಾರು, ತಿದ್ದಿದವ್ರು ಯಾರು, ಎರಡೂ ಹಾಕ್ರಿ. ಇನ್ನೊಂದು ಪ್ಯಾರಾಕ್ಕೂ ಹಂಗ ಹಾಕ್ರಿ. ಯಾರು ಹೋಗಿದ್ರು, ಯಾರು ಬರದ್ರು ಅಂತ. ನಂಗ ಅಷ್ಟಾದ್ರ ಸಾಕು.”

ಶಂಶುದ್ದೀನ್ “ಮೇಡಂ?” ಅಂದರು.

“ಹಾಕ್ರಿ” ಅಂದಳು ಯಶೋಧಾ.

ಸಂಘಮಿತ್ರಾ ಹಾಳೆ ಮಡಚಿ ಚೀಲದಲ್ಲಿಟ್ಟುಕೊಂಡಳು. ಬಾಗಿಲವರೆಗೆ ಬಂದ ಯಶೋಧಾ, “ಬರಿಯೂದು ಬಿಡಬ್ಯಾಡವ್ವ” ಅಂದಳು. ಅದನ್ನು ಹೇಳುವ ಅಧಿಕಾರ ತನಗಿದೆಯೋ ಇಲ್ಲವೋ ಅನ್ನುವ ಅಳುಕಿನಲ್ಲಿ ದನಿ ಸಣ್ಣದಾಯಿತು. “ಬಿಡಂಗಿಲ್ರಿ. ಬರ್ತದ ಅಂತ ಇವತ್ತ ಗೊತ್ತಾತಲ್ಲ” ಅಂದು ಹುಡುಗಿ ಬಿಸಿಲಿಗಿಳಿದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು. ಮುಂದಿನ ವಾರ ಮೊಬೈಲ್ ಅಂಗಡಿಗೆ ಸೇರಿದಳು ಅಂತ ಆಮೇಲೆ ಪ್ರೆಸ್ಸಿನವರು ಹೇಳಿದರು.

ಆ ಸಂಜೆಯೇ ಯಶೋಧಾ ಅನ್ನಪೂರ್ಣಳಿಗೆ ಎಲ್ಲ ಹೇಳಿದಳು. ಹುಡುಗಿ ಅತ್ತಳು. ಕೆಲಸ ಹೋದೀತು ಅಂತಲ್ಲ. “ನಾ ಬ್ಯಾಡ ಅಂದಾಗರೆ ಬಿಡಬೇಕಾಗಿತ್ತಲ್ಲತ್ತಿ” ಅಂದಳು. ಶಂಶುದ್ದೀನ್ ಆಕೆಯನ್ನು ಬುಕಿಂಗ್ ಕೌಂಟರಿಗೆ ಕೂಡಿಸಿದರು. ಪೇಜಿಗೆ ಬರೆಯುವವರು ಸದ್ಯಕ್ಕೆ ಯಾರೂ ಇಲ್ಲ. ಅನ್ನಪೂರ್ಣ ಅತ್ತೆಯ ಫೋನು ಎತ್ತುವುದನ್ನು ಬಿಟ್ಟಳು.

ಹತ್ತು ದಿನಕ್ಕೆ ಎರಡು ಪ್ಯಾರಾಗಳೂ ಪೇಜಿನಲ್ಲಿ ಒಂದರ ಕೆಳಗೆ ಒಂದು ಬಂದವು. ಗಾಳಿಯ ಪ್ಯಾರಾದ ಕೆಳಗೆ: ಬರೆದವರು ಸಂಘಮಿತ್ರಾ, ಮಲ್ಲಟ, ತಿದ್ದಿದವರು ಯಶೋಧಾ. ಇನ್ನೊಂದರ ಕೆಳಗೆ: ಗುಡ್ಡಕ್ಕೆ ಹೋದವರು ಅನ್ನಪೂರ್ಣ, ದೇವದುರ್ಗ, ಬರೆದವರು ಯಶೋಧಾ, ರಾಯಚೂರು. ಓದಿದವರು ಇದೇನೋ ಹೊಸ ಪದ್ಧತಿ ಅಂದುಕೊಂಡರು. ಇಷ್ಟು ವರ್ಷ ಊರ ಬರಹವನ್ನೆಲ್ಲ ತಿದ್ದಿದವಳ ಹೆಸರು ಎಲ್ಲಾದರೂ ಕಾಣಿಸಿಕೊಂಡದ್ದು ಅದೇ ಮೊದಲು.

ಮರುದಿನ ಮುಂಜಾನೆ ರಾಮಣ್ಣನ ಫೋನು ಬಂತು. ಮಗಳು ಅಪ್ಪನಿಗೆ ಏನೂ ಹೇಳಿರಲಿಲ್ಲ ಅನ್ನುವುದು ಅವನ ದನಿಯಲ್ಲೇ ಗೊತ್ತಾಯಿತು.

“ಯಶೋಧಾ, ನಿನ್ನ ಹೆಸರು ಬಂದದಂತಲ್ಲ ಫೋನಿನ್ಯಾಗ. ಬಸ್‌ಸ್ಟ್ಯಾಂಡಿನ್ಯಾಗ ಚಹಾದ ಅಂಗಡಿಯವ ಬರದದ್ದು, ಬರದಾಕಿ ಹೆಸರು ಅಷ್ಟ ಓದಿ ಹೇಳಿದ. ಗುಡ್ಡಾ ಕಣ್ಣಿಗೆ ಕಟ್ಟಿದಂಗ ಬರದಾಳಪ್ಪ ನಿಮ್ಮ ತಂಗಿ ಅಂದ. ಕುಂತವ್ರಿಗೆಲ್ಲಾ ನಾನ ಚಹಾ ಕುಡಿಸಿದೆ. ನೀ ಯಾವಾಗ ಹೋಗಿದ್ದಿ ಆ ಗುಡ್ಡಕ್ಕ? ನಂಗ ಹೇಳೇ ಇಲ್ಲ.”

ಯಶೋಧಾ ಫೋನು ಕಿವಿಗೆ ಹಿಡಿದುಕೊಂಡೇ ಮೇಜಿನ ಮುಂದೆ ಕೂತಳು. ಹುಡುಗಿಗೆ ಹೇಳಿದ್ದಳು, ಶಂಶುದ್ದೀನ್ ಅವರಿಗೆ ಹೇಳಿದ್ದಳು, ಅನ್ನಪೂರ್ಣಳಿಗೂ ಹೇಳಿದ್ದಳು. ಈ ಒಬ್ಬನಿಗೆ ಹೇಳಲು ಮಾತ್ರ ಆಕೆಯ ಹತ್ತಿರ ಯಾವ ಕನ್ನಡವೂ ಇರಲಿಲ್ಲ.

“ಯಶೋಧಾ? ಕೇಳಸತದೇನು?”

“ಕೇಳಸತದಣ್ಣ” ಅಂದಳು. “ನಾ ಹೋಗಿಲ್ಲಣ್ಣ.”